ರೌತ್ ಕೋಷ್ಟಕದಲ್ಲಿ ಇಡೀ ಸಾಲು ಸೊನ್ನೆಯಾದಾಗ

ಒಂದು ಮೋಟಾರು, ಒಂದು ಹಬೆಯಂತ್ರದ ಗವರ್ನರ್ ಅಥವಾ ಒಂದು ಕುಲುಮೆಯ ತಾಪ ನಿಯಂತ್ರಕ ಸ್ಥಿರವಾಗಿ ನಡೆಯುತ್ತದೆಯೇ ಎಂಬ ಪ್ರಶ್ನೆಯನ್ನು ಗಣಿತಕ್ಕೆ ಇಳಿಸಿದರೆ, ಅದು ಒಂದು ಬಹುಪದೋಕ್ತಿಯ ಮೂಲಗಳು ಎಲ್ಲಿವೆ ಎಂಬ ಪ್ರಶ್ನೆಯಾಗುತ್ತದೆ. ಆ ಬಹುಪದೋಕ್ತಿಗೆ ವ್ಯವಸ್ಥೆಯ ಲಾಕ್ಷಣಿಕ ಬಹುಪದೋಕ್ತಿ ಎಂದು ಹೆಸರು. ಅದರ ಚರಾಕ್ಷರವನ್ನು s ಎಂದು ಬರೆಯುವುದು ರೂಢಿ. ಮೂಲವೊಂದು ಸಂಕೀರ್ಣ ಸಮತಲದ ಎಡ ಅರ್ಧದಲ್ಲಿದ್ದರೆ ಅದಕ್ಕೆ ಸಂಬಂಧಿಸಿದ ಚಲನೆ ಕ್ರಮೇಣ ಅಡಗುತ್ತದೆ. ಬಲ ಅರ್ಧದಲ್ಲಿದ್ದರೆ ಬೆಳೆಯುತ್ತಲೇ ಹೋಗುತ್ತದೆ. ನಡುವಿನ ಗೆರೆ ಕಾಲ್ಪನಿಕ ಅಕ್ಷ. ಮೂಲ ಅದರ ಮೇಲೆಯೇ ಕೂತರೆ ಚಲನೆ ಅಡಗುವುದೂ ಇಲ್ಲ, ಬೆಳೆಯುವುದೂ ಇಲ್ಲ, ಒಂದೇ ಅಳತೆಯಲ್ಲಿ ತೂಗುತ್ತಿರುತ್ತದೆ.

ಮೂರು, ನಾಲ್ಕು, ಐದನೇ ಘಾತದ ಬಹುಪದೋಕ್ತಿಯ ಮೂಲಗಳನ್ನು ಕೈಯಿಂದ ಹುಡುಕುವುದು ಕಷ್ಟದ ಕೆಲಸ. ರೌತ್ ಕೋಷ್ಟಕ ಆ ಕಷ್ಟವನ್ನು ತಪ್ಪಿಸುತ್ತದೆ. ಮೂಲಗಳು ಯಾವುವು ಎಂದು ಅದು ಹೇಳುವುದಿಲ್ಲ, ಬಲ ಅರ್ಧದಲ್ಲಿ ಎಷ್ಟಿವೆ ಎಂದು ಮಾತ್ರ ಎಣಿಸಿ ಕೊಡುತ್ತದೆ. ಆದರೆ ಒಂದು ಸಂದರ್ಭದಲ್ಲಿ ಈ ಮಿತಭಾಷಿ ಕೋಷ್ಟಕ ಕೆಲವು ಮೂಲಗಳನ್ನೇ ಎತ್ತಿ ತೋರಿಸುತ್ತದೆ. ವಿಚಿತ್ರವೆಂದರೆ, ಲೆಕ್ಕ ಕೆಟ್ಟು ನಿಂತಂತೆ ಕಾಣುವ ಸಂದರ್ಭವೂ ಅದೇ. ಒಂದು ಸಾಲಿನ ಎಲ್ಲ ಅಂಕಿಗಳೂ ಸೊನ್ನೆಯಾಗುತ್ತವೆ, ಮುಂದಿನ ಸಾಲಿಗೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಕೈ ನಿಲ್ಲುತ್ತದೆ.

ಒಂದು ನಿರ್ದಿಷ್ಟ ವ್ಯವಸ್ಥೆಯನ್ನು ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. ಒಂದು ತೋಳನ್ನು ಬೇಕಾದ ಕೋನಕ್ಕೆ ತಿರುಗಿಸಿ ನಿಲ್ಲಿಸುವ ಮೋಟಾರು ಇದೆ ಎನ್ನೋಣ. ತೋಳು ಇರುವ ಕೋನಕ್ಕೂ ಇರಬೇಕಾದ ಕೋನಕ್ಕೂ ಎಷ್ಟು ವ್ಯತ್ಯಾಸವಿದೆಯೋ ಅದರ K ಪಟ್ಟು ಆಜ್ಞೆ ಮೋಟಾರಿಗೆ ಹೋಗುತ್ತದೆ. ಈ K ಎಂಬುದು ಗೇನ್. ಮೋಟಾರು ಮತ್ತು ಅದರ ಚಾಲಕ ಮಂಡಲದ ಮಾದರಿ K/(s(s+2)(s+4)) ಆಗಿದ್ದರೆ, ಇಡೀ ಕುಣಿಕೆಯ ಲಾಕ್ಷಣಿಕ ಬಹುಪದೋಕ್ತಿ s^3 + 6s^2 + 8s + K ಆಗುತ್ತದೆ.

ಕೋಷ್ಟಕ ಕಟ್ಟುವ ಕ್ರಮ ಸರಳ. ಸಹಗುಣಕಗಳನ್ನು ಒಂದು ಬಿಟ್ಟು ಒಂದರಂತೆ ಮೊದಲ ಎರಡು ಸಾಲುಗಳಿಗೆ ಹಂಚಬೇಕು. ಅಲ್ಲಿಂದ ಮುಂದೆ ಪ್ರತಿ ಹೊಸ ಅಂಕಿಯನ್ನೂ ಅದರ ಮೇಲಿನ ಎರಡು ಸಾಲುಗಳಿಂದ ಅಡ್ಡಗುಣಾಕಾರ ಮಾಡಿ, ಒಂದರಿಂದ ಇನ್ನೊಂದನ್ನು ಕಳೆದು, ತಕ್ಷಣ ಮೇಲಿರುವ ಸಾಲಿನ ಮೊದಲ ಅಂಕಿಯಿಂದ ಭಾಗಿಸಿ ಪಡೆಯಬೇಕು. ಪ್ರತಿ ಸಾಲಿಗೂ ಎಡಗಡೆ ಒಂದು ಘಾತದ ಗುರುತು ಇರುತ್ತದೆ. ಮೋಟಾರಿನ ಕೋಷ್ಟಕ ಹೀಗೆ ಬರುತ್ತದೆ:

```
s^3 |  1          8
s^2 |  6          K
s^1 |  (48-K)/6   0
s^0 |  K
```

ಮೊದಲ ಕಂಬಸಾಲಿನಲ್ಲಿ ಮೇಲಿನಿಂದ ಕೆಳಗೆ ಬರುವಾಗ ಚಿಹ್ನೆ ಎಷ್ಟು ಸಲ ಬದಲಾಗುತ್ತದೆಯೋ ಅಷ್ಟು ಮೂಲಗಳು ಬಲ ಅರ್ಧದಲ್ಲಿವೆ. K = 20 ಇದ್ದರೆ ಮೂರನೇ ಸಾಲಿನಲ್ಲಿ ಸುಮಾರು 4.67 ಬರುತ್ತದೆ, ಎಲ್ಲವೂ ಧನ, ವ್ಯವಸ್ಥೆ ಸ್ಥಿರ. K = 60 ಇದ್ದರೆ ಅಲ್ಲಿ −2 ಬರುತ್ತದೆ; ಚಿಹ್ನೆ ಧನದಿಂದ ಋಣಕ್ಕೆ ಒಮ್ಮೆ, ಋಣದಿಂದ ಧನಕ್ಕೆ ಇನ್ನೊಮ್ಮೆ ಬದಲಾಗುತ್ತದೆ. ಅಂದರೆ ಎರಡು ಮೂಲಗಳು ಬಲಕ್ಕೆ ದಾಟಿವೆ, ತೋಳು ಹುಚ್ಚೆದ್ದು ಅತ್ತಿತ್ತ ಬಡಿಯುತ್ತದೆ. ಸರಿಯಾಗಿ K = 48 ಆದಾಗ s^1 ಸಾಲಿನಲ್ಲಿ ಸೊನ್ನೆಯ ಹೊರತು ಬೇರೇನೂ ಉಳಿಯುವುದಿಲ್ಲ.

ಸಾಲಿನ ಮೊದಲ ಅಂಕಿ ಮಾತ್ರ ಸೊನ್ನೆಯಾಗಿ ಪಕ್ಕದಲ್ಲಿ ಸೊನ್ನೆಯಲ್ಲದ ಅಂಕಿ ಉಳಿದಿದ್ದರೆ ಅದು ಬೇರೆಯೇ ಪ್ರಕರಣ. ಅಲ್ಲಿ ಸೊನ್ನೆಯ ಜಾಗದಲ್ಲಿ ಅತಿ ಸಣ್ಣ ಧನಸಂಖ್ಯೆಯೊಂದನ್ನು ಇಟ್ಟು ಮುಂದುವರಿಯುವುದು ವಾಡಿಕೆ. ಇಡೀ ಸಾಲೇ ಅಳಿದುಹೋದಾಗ ಮಾಡಬೇಕಾದದ್ದು ಅದಲ್ಲ. ಅಳಿದ ಸಾಲಿನ ತಕ್ಷಣ ಮೇಲಿನ ಸಾಲನ್ನು ನೋಡಬೇಕು.

ಮೇಲಿನ ಸಾಲು s^2 ಸಾಲು. ಅದರಲ್ಲಿರುವುದು 6 ಮತ್ತು 48. ಈ ಅಂಕಿಗಳನ್ನು ಸಹಗುಣಕಗಳಾಗಿ ಇಟ್ಟುಕೊಂಡು, ಆ ಸಾಲಿನದೇ ಘಾತದಿಂದ ಶುರುಮಾಡಿ, ಎರಡೆರಡು ಘಾತ ಇಳಿಸುತ್ತ ಒಂದು ಬಹುಪದೋಕ್ತಿ ಬರೆಯಬೇಕು: 6s^2 + 48. ಇದೇ ಸಹಾಯಕ ಬಹುಪದೋಕ್ತಿ. ಇದನ್ನು ಸೊನ್ನೆಗೆ ಸಮವಾಗಿಸಿದರೆ s^2 = −8, ಅಂದರೆ s = ±j2.83. ಈ ಎರಡೂ ಮೂಲ ಬಹುಪದೋಕ್ತಿಯದೇ ಮೂಲಗಳು. ಪರೀಕ್ಷಿಸಿ ನೋಡಬೇಕೆಂದರೆ s^3 + 6s^2 + 8s + 48 ಅನ್ನು s^2 + 8 ರಿಂದ ಭಾಗಿಸಿದರಾಯಿತು. ಶೇಷವಿಲ್ಲದೆ s + 6 ಉಳಿಯುತ್ತದೆ. ಹೀಗೆ ಮೂರನೆಯ ಮೂಲ −6 ಕೂಡ ಪುಕ್ಕಟೆಯಾಗಿ ಸಿಗುತ್ತದೆ.

ಮೋಟಾರಿನ ಮಟ್ಟಿಗೆ ಇದರ ಅರ್ಥವೇನು? ಗೇನ್ 48ಕ್ಕೆ ಮುಟ್ಟಿದಾಗ ತೋಳು ಸೆಕೆಂಡಿಗೆ 2.83 ರೇಡಿಯನ್ ಕೋನಾವೃತ್ತಿಯಲ್ಲಿ, ಅಂದರೆ ಸುಮಾರು 2.22 ಸೆಕೆಂಡಿಗೊಂದು ಸುತ್ತಿನಂತೆ, ನಿಲ್ಲದೆ ತೂಗುತ್ತದೆ. ಸ್ಥಿರತೆಯ ಗಡಿ ಎಲ್ಲಿದೆ ಎಂಬುದನ್ನಷ್ಟೇ ಅಲ್ಲ, ಗಡಿಯಲ್ಲಿ ವ್ಯವಸ್ಥೆ ಯಾವ ಲಯದಲ್ಲಿ ಆಡುತ್ತದೆ ಎಂಬುದನ್ನೂ ಸಹಾಯಕ ಬಹುಪದೋಕ್ತಿ ತಿಳಿಸುತ್ತದೆ. ಕಾರ್ಖಾನೆಗಳ ನಿಯಂತ್ರಕಗಳನ್ನು ಹದಗೊಳಿಸಲು ಜೀಗ್ಲರ್ ಮತ್ತು ನಿಕೋಲ್ಸ್ 1942ರಲ್ಲಿ ಕೊಟ್ಟ ಹೆಸರಾಂತ ವಿಧಾನಕ್ಕೆ ಬೇಕಾದದ್ದು ನಿಖರವಾಗಿ ಈ ಎರಡು ಅಂಕಿಗಳೇ: ಗಡಿಯ ಗೇನ್ ಮತ್ತು ಗಡಿಯ ಆವರ್ತಕಾಲ. ಬರೀ ಅನುಪಾತ ನಿಯಂತ್ರಕವಾದರೆ ಗಡಿಯ ಗೇನಿನ ಅರ್ಧವನ್ನು ಇಡಬೇಕೆಂದು ಅವರ ಸೂತ್ರ ಹೇಳುತ್ತದೆ. ಈ ಮೋಟಾರಿಗೆ ಅದು 24. ಅವರು ಈ ಅಂಕಿಗಳನ್ನು ಯಂತ್ರದ ಮೇಲೆಯೇ ಪ್ರಯೋಗ ಮಾಡಿ ಪಡೆಯಿರಿ ಎಂದರು. ಮಾದರಿ ಕೈಯಲ್ಲಿದ್ದರೆ ಕೋಷ್ಟಕದ ಸೊನ್ನೆಸಾಲು ಅವನ್ನು ಕಾಗದದ ಮೇಲೆಯೇ ಕೊಡುತ್ತದೆ.

ಮೇಲಿನ ಸಾಲಿನಲ್ಲಿ ಮೂಲಗಳು ಅಡಗಿ ಕೂತಿದ್ದಾದರೂ ಹೇಗೆ? ಕೋಷ್ಟಕದ ಮೊದಲ ಎರಡು ಸಾಲುಗಳನ್ನು ಮತ್ತೊಮ್ಮೆ ನೋಡಿದರೆ ಉತ್ತರ ಸಿಗುತ್ತದೆ. ಒಂದರಲ್ಲಿ ಬೆಸ ಘಾತದ ಪದಗಳಿವೆ, ಇನ್ನೊಂದರಲ್ಲಿ ಸಮ ಘಾತದವು. ಅಂದರೆ ಬಹುಪದೋಕ್ತಿ ತನ್ನ ಬೆಸ ಭಾಗ ಮತ್ತು ಸಮ ಭಾಗಗಳಾಗಿ ಸೀಳಿಕೊಂಡಿದೆ. ಆಮೇಲೆ ನಡೆಯುವ ಅಡ್ಡಗುಣಾಕಾರವೆಲ್ಲ ಒಂದು ಭಾಗವನ್ನು ಇನ್ನೊಂದರಿಂದ ಭಾಗಿಸಿ ಶೇಷ ತೆಗೆಯುವ ಕೆಲಸವೇ. ಎರಡು ಸಂಖ್ಯೆಗಳ ಮ.ಸಾ.ಅ. ಕಂಡುಹಿಡಿಯಲು ಶಾಲೆಯಲ್ಲಿ ಕಲಿಸುವ ಯೂಕ್ಲಿಡ್‌ನ ಭಾಗಾಕಾರ ಕ್ರಮವೂ ಇದೇ. ಅಲ್ಲಿ ಶೇಷ ಸೊನ್ನೆಯಾದ ಕೂಡಲೇ ಕೊನೆಯ ಭಾಜಕವೇ ಮ.ಸಾ.ಅ. ಎಂದು ನಿಲ್ಲುತ್ತೇವೆ. ಇಲ್ಲಿ ಶೇಷದ ಸಾಲು ಪೂರ್ತಿ ಸೊನ್ನೆಯಾಯಿತೆಂದರೆ ಅದರ ಮೇಲಿನ ಸಾಲು ಸಮ ಭಾಗ ಮತ್ತು ಬೆಸ ಭಾಗಗಳ ಮಹತ್ತಮ ಸಾಮಾನ್ಯ ಅಪವರ್ತನ. ಎರಡು ಭಾಗಗಳನ್ನೂ ಭಾಗಿಸುವ ಅಪವರ್ತನ ಅವುಗಳ ಮೊತ್ತವನ್ನೂ ಭಾಗಿಸಲೇಬೇಕು. ಆದ್ದರಿಂದ ಅದರ ಮೂಲಗಳು ಇಡೀ ಬಹುಪದೋಕ್ತಿಯ ಮೂಲಗಳೂ ಹೌದು.

ಇನ್ನೊಂದು ಮಾತೂ ಇದರಿಂದಲೇ ಹೊರಡುತ್ತದೆ. s ಮತ್ತು −s ಎರಡೂ ಮೂಲಗಳಾಗಿದ್ದರೆ ಸಮ ಭಾಗ ಹಾಗೂ ಬೆಸ ಭಾಗ ಎರಡೂ ಅಲ್ಲಿ ಬೇರೆಬೇರೆಯಾಗಿ ಸೊನ್ನೆಯಾಗಬೇಕು, ಏಕೆಂದರೆ s ಚಿಹ್ನೆ ಬದಲಿಸಿದಾಗ ಸಮ ಭಾಗ ಹಾಗೇ ಉಳಿದು ಬೆಸ ಭಾಗ ಮಾತ್ರ ತಿರುವು ಪಡೆಯುತ್ತದೆ. ಹಾಗಾಗಿ ಸಹಾಯಕ ಬಹುಪದೋಕ್ತಿಯಲ್ಲಿ ಸಿಗುವುದು ಮೂಲಬಿಂದುವಿನ ಎದುರುಬದುರು ಜೋಡಿಯಾಗಿರುವ ಮೂಲಗಳು, ಅವು ಮಾತ್ರ, ಮತ್ತು ಅವೆಲ್ಲವೂ. ಕಾಲ್ಪನಿಕ ಅಕ್ಷದ ಮೇಲಿನ ಜೋಡಿ ಅಂಥ ಒಂದು ಬಗೆ, ಅಷ್ಟೆ. ಸಾಲು ಸೊನ್ನೆಯಾಯಿತು, ಆದ್ದರಿಂದ ವ್ಯವಸ್ಥೆ ಗಡಿಯಲ್ಲಿದೆ ಎಂದು ಬರೆದು ಮುಗಿಸುವ ಉತ್ತರಪತ್ರಿಕೆಗಳು ಎಡವುವುದು ಇಲ್ಲೇ.

ಕೋಷ್ಟಕ ಮುಂದುವರಿಯಬೇಕಲ್ಲ, ಅದಕ್ಕೆ ಸಹಾಯಕ ಬಹುಪದೋಕ್ತಿಯ ಅವಕಲನ ತೆಗೆದು, ಅದರ ಸಹಗುಣಕಗಳನ್ನು ಸೊನ್ನೆಸಾಲಿನ ಜಾಗದಲ್ಲಿ ಇಡುತ್ತಾರೆ. 6s^2 + 48 ರ ಅವಕಲನ 12s; s^1 ಸಾಲಿನಲ್ಲಿ 12 ಬರುತ್ತದೆ, s^0 ಸಾಲಿನಲ್ಲಿ 48. ಚಿಹ್ನೆ ಎಲ್ಲೂ ಬದಲಾಗಿಲ್ಲ, ಬಲ ಅರ್ಧ ಖಾಲಿ.

ಪಠ್ಯಪುಸ್ತಕಗಳು ಈ ಅವಕಲನವನ್ನು ಸಾಮಾನ್ಯವಾಗಿ ಒಂದು ನಿಯಮವೆಂದು ಹೇಳಿ ಬಿಟ್ಟುಬಿಡುತ್ತವೆ, ಆದರೆ ಅದರ ಹಿಂದೊಂದು ಒಳ್ಳೆಯ ಯುಕ್ತಿಯಿದೆ. ಸಹಾಯಕ ಬಹುಪದೋಕ್ತಿಯನ್ನು A(s) ಎಂದು ಕರೆದರೆ, s ಬದಲಿಗೆ s + ε ಇಟ್ಟಾಗ ಅದು ಸರಿಸುಮಾರು A(s) + εA'(s) ಆಗುತ್ತದೆ. ε ಅತಿ ಸಣ್ಣ ಧನಸಂಖ್ಯೆ. ಹೀಗೆ ಮಾಡುವುದೆಂದರೆ ಎಲ್ಲ ಮೂಲಗಳನ್ನೂ ಕೂದಲೆಳೆಯಷ್ಟು ಎಡಕ್ಕೆ ಸರಿಸುವುದು. A(s) ಸಮ ಘಾತಗಳದ್ದು, ಅದರ ಅವಕಲನ ಬೆಸ ಘಾತಗಳದ್ದು; ಖಾಲಿ ಬಿದ್ದ ಬೆಸ ಸಾಲಿಗೆ ಅದು ಸರಿಯಾಗಿ ಹೊಂದಿಕೊಳ್ಳುತ್ತದೆ. ε ಧನವಾದ್ದರಿಂದ ಅದನ್ನು ಕೈಬಿಟ್ಟರೂ ಚಿಹ್ನೆಗಳು ಬದಲಾಗುವುದಿಲ್ಲ. ಅಕ್ಷದ ಮೇಲಿದ್ದ ಮೂಲಗಳು ಎಡಕ್ಕೆ ಜರುಗಿದವು, ನಿಜವಾಗಿ ಬಲದಲ್ಲಿದ್ದವು ಬಲದಲ್ಲೇ ಉಳಿದವು. ಆದ್ದರಿಂದಲೇ ಅವಕಲನ ಹಾಕಿ ಮುಗಿಸಿದ ಕೋಷ್ಟಕದ ಚಿಹ್ನೆ ಬದಲಾವಣೆಗಳು ಬಲ ಅರ್ಧದ ಮೂಲಗಳನ್ನಷ್ಟೇ ಎಣಿಸುತ್ತವೆ, ಅಕ್ಷದ ಮೇಲಿನವನ್ನು ಲೆಕ್ಕಕ್ಕೆ ತರುವುದಿಲ್ಲ.

ಈ ವಿಧಾನ ಎಡ್ವರ್ಡ್ ಜಾನ್ ರೌತ್ ಅವರದು. 1831ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿದ ಅವರು ಕೇಂಬ್ರಿಜ್‌ನಲ್ಲಿ ಓದಿ, 1854ರ ಗಣಿತ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದರು. ಎರಡನೆಯ ಸ್ಥಾನದಲ್ಲಿದ್ದವರು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಗವರ್ನರ್‌ಗಳ ಸ್ಥಿರತೆಯ ಪ್ರಶ್ನೆಯನ್ನು ಮೂಲಗಳ ಜಾಗದ ಪ್ರಶ್ನೆಯಾಗಿಸಿ 1868ರಲ್ಲಿ ಪ್ರಬಂಧ ಬರೆದವರೂ ಮ್ಯಾಕ್ಸ್‌ವೆಲ್ಲರೇ. ಯಾವುದೇ ಘಾತಕ್ಕೂ ಅನ್ವಯಿಸುವ ಉತ್ತರವನ್ನು ರೌತ್ 1877ರ ಆಡಮ್ಸ್ ಬಹುಮಾನದ ಪ್ರಬಂಧದಲ್ಲಿ ಕೊಟ್ಟರು.

ಗಡಿಯೆಂಬ ಅವಸರದ ತೀರ್ಮಾನ ಎಷ್ಟು ದೂರ ತಪ್ಪಬಹುದು ಎಂಬುದಕ್ಕೆ ಐದನೇ ಘಾತದ ಒಂದು ಉದಾಹರಣೆ ಸಾಕು: s^5 + 2s^4 + 6s^3 + 12s^2 + 25s + 50. ಎಲ್ಲ ಸಹಗುಣಕಗಳೂ ಧನ, ಯಾವ ಪದವೂ ಬಿಟ್ಟುಹೋಗಿಲ್ಲ. ಮೇಲ್ನೋಟಕ್ಕೆ ಅನುಮಾನಿಸುವಂಥದ್ದೇನೂ ಇಲ್ಲ. ಮೊದಲ ಎರಡು ಸಾಲುಗಳು 1, 6, 25 ಮತ್ತು 2, 12, 50. ಎರಡನೆಯದು ಮೊದಲನೆಯದರ ಸರಿಯಾಗಿ ಎರಡರಷ್ಟು, ಆದ್ದರಿಂದ s^3 ಸಾಲು ಪೂರ್ತಿ ಸೊನ್ನೆ. ಸಹಾಯಕ ಬಹುಪದೋಕ್ತಿ 2s^4 + 12s^2 + 50, ಅದರ ಅವಕಲನ 8s^3 + 24s. ಒಂದು ಸಾಲನ್ನು ಧನಸಂಖ್ಯೆಯಿಂದ ಭಾಗಿಸಿದರೆ ಚಿಹ್ನೆಗಳಿಗೆ ಬಾಧಕವಿಲ್ಲ, ಹಾಗಾಗಿ 8 ಮತ್ತು 24 ಬದಲಿಗೆ 1 ಮತ್ತು 3 ಎಂದು ಇಟ್ಟುಕೊಳ್ಳಬಹುದು.

```
s^5 |  1       6    25
s^4 |  2      12    50
s^3 |  1       3          (0 0 ಇದ್ದ ಜಾಗ)
s^2 |  6      50
s^1 | -5.33
s^0 | 50
```

6ರಿಂದ −5.33ಕ್ಕೆ, ಅಲ್ಲಿಂದ 50ಕ್ಕೆ, ಹೀಗೆ ಚಿಹ್ನೆ ಎರಡು ಸಲ ಬದಲಾಗಿದೆ. ಬಲ ಅರ್ಧದಲ್ಲಿ ಎರಡು ಮೂಲಗಳಿವೆ. ಸಹಾಯಕ ಬಹುಪದೋಕ್ತಿಯನ್ನು ಬಿಡಿಸಿದರೆ s^2 = −3 ± 4j ಬರುತ್ತದೆ; ಅದರಿಂದ 1 ± 2j ಮತ್ತು −1 ± 2j ಎಂಬ ನಾಲ್ಕು ಮೂಲಗಳು. ಮೂಲಬಿಂದುವಿನ ಸುತ್ತ ಆಯತದ ನಾಲ್ಕು ಮೂಲೆಗಳಂತೆ ಕೂತಿರುವ ಇವುಗಳಲ್ಲಿ ಒಂದೂ ಅಕ್ಷದ ಮೇಲಿಲ್ಲ. ವ್ಯವಸ್ಥೆ ಗಡಿಯ ಹತ್ತಿರವೂ ಇಲ್ಲ. ಸುಮಾರು 3.14 ಸೆಕೆಂಡಿನ ಪ್ರತಿ ಆವರ್ತದಲ್ಲೂ ಅದರ ತೂಗಾಟ 23 ಪಟ್ಟು ಹಿಗ್ಗುತ್ತದೆ. ಉಳಿದ ಐದನೆಯ ಮೂಲ −2, ಅದೊಂದು ಮಾತ್ರ ಸಾಧು.

ಇದೇ ಲೆಕ್ಕದಲ್ಲಿ ಪದೇಪದೇ ಕಾಣುವ ತಪ್ಪೊಂದಿದೆ. ಸಹಾಯಕ ಬಹುಪದೋಕ್ತಿಯ ಬದಲು ಅದರ ಅವಕಲನವನ್ನು ಸೊನ್ನೆಗೆ ಸಮವಾಗಿಸಿ ಮೂಲ ಹುಡುಕುವುದು. 8s^3 + 24s = 0 ಎಂದರೆ s = ±j1.73 ಸಿಗುತ್ತದೆ, ನೋಡಲು ಆಂದೋಲನದ ಆವೃತ್ತಿಯಂತೆಯೇ ಇರುತ್ತದೆ, ಆದರೆ ವ್ಯವಸ್ಥೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಅವಕಲನ ಬಂದಿರುವುದು ಖಾಲಿ ಸಾಲನ್ನು ತುಂಬಲು. ಮೂಲಗಳು ಇರುವುದು ಅದರ ಮೇಲಿನ ಸಾಲಿನಲ್ಲಿ.

ಚಿಹ್ನೆ ಬದಲಾವಣೆಯೇ ಇಲ್ಲದಿದ್ದರೆ ನೆಮ್ಮದಿಯಾಗಿರಬಹುದೇ? ಅದೂ ಸಾಧ್ಯವಿಲ್ಲ. s^5 + s^4 + 2s^3 + 2s^2 + s + 1 ಎಂಬುದರಲ್ಲಿ ಮೊದಲ ಎರಡು ಸಾಲುಗಳೂ 1, 2, 1. ಸಹಾಯಕ ಬಹುಪದೋಕ್ತಿ s^4 + 2s^2 + 1; ಅವಕಲನದಿಂದ s^3 ಸಾಲಿಗೆ 4 ಮತ್ತು 4, ಅಂದರೆ 1 ಮತ್ತು 1. s^2 ಸಾಲೂ 1 ಮತ್ತು 1. ಮತ್ತೆ s^1 ಸಾಲು ಸೊನ್ನೆ! ಎರಡನೆಯ ಸಹಾಯಕ ಬಹುಪದೋಕ್ತಿ s^2 + 1, ಅದರ ಅವಕಲನ 2s, ಕೊನೆಯ ಸಾಲು 1. ಮೊದಲ ಕಂಬಸಾಲಿನಲ್ಲಿ ಎಲ್ಲವೂ ಧನ. ಆದರೂ ಈ ವ್ಯವಸ್ಥೆ ಅಸ್ಥಿರ. ಮೊದಲ ಸಹಾಯಕ ಬಹುಪದೋಕ್ತಿ (s^2 + 1)^2 ಎಂಬ ವರ್ಗ. ±J ಎರಡೆರಡು ಸಲ ಮೂಲಗಳಾಗಿವೆ. ಅಕ್ಷದ ಮೇಲೆ ಮೂಲ ಪುನರಾವರ್ತನೆಯಾದರೆ ಉತ್ತರದಲ್ಲಿ t cos t ಎಂಬಂಥ ಪದ ಸೇರುತ್ತದೆ, ತೂಗಾಟದ ಹರವು ಕಾಲಕ್ಕೆ ಅನುಪಾತವಾಗಿ ಬೆಳೆಯುತ್ತದೆ. ಹಿಂದೆ ಹೇಳಿದ ಎಡಕ್ಕೆ ಸರಿಸುವ ಯುಕ್ತಿಯೇ ಎರಡನೆಯ ಸೊನ್ನೆಸಾಲನ್ನೂ ವಿವರಿಸುತ್ತದೆ. A(s) + εA'(s) ಮಾಡಿದಾಗ ಎರಡು ಸಲ ಬಂದ ಮೂಲದ ಒಂದು ಪ್ರತಿ ಮಾತ್ರ ಎಡಕ್ಕೆ ಜರುಗುತ್ತದೆ, ಇನ್ನೊಂದು ಅಲ್ಲೇ ಉಳಿದು ಮತ್ತೊಂದು ಸಾಲನ್ನು ಅಳಿಸುತ್ತದೆ. ಅಂದರೆ ಸೊನ್ನೆಸಾಲು ಎರಡನೆಯ ಸಲ ಬಂದರೆ ಸಹಾಯಕ ಬಹುಪದೋಕ್ತಿಯಲ್ಲಿ ಪುನರಾವರ್ತಿತ ಮೂಲಗಳಿವೆ ಎಂದೇ ಅರ್ಥ.

ಅಕ್ಷದ ಮೇಲೆ ಎಷ್ಟು ಮೂಲಗಳಿವೆ ಎಂದು ಬಿಡಿಸದೆಯೇ ಹೇಳಬಹುದು. ಸಹಾಯಕ ಬಹುಪದೋಕ್ತಿಯ ಸಾಲಿನಿಂದ ಕೆಳಗೆ ಎಷ್ಟು ಚಿಹ್ನೆ ಬದಲಾವಣೆಗಳಿವೆಯೋ ಅಷ್ಟು ಮೂಲಗಳು ಬಲಕ್ಕಿವೆ. ಜೋಡಿಯ ನಿಯಮದಂತೆ ಅಷ್ಟೇ ಎಡಕ್ಕೂ ಇರಬೇಕು. ಉಳಿದವೆಲ್ಲ ಅಕ್ಷದ ಮೇಲೆ. ಮೋಟಾರಿನ ಪ್ರಕರಣದಲ್ಲಿ ಘಾತ 2, ಬದಲಾವಣೆ ಇಲ್ಲ. ಎರಡೂ ಅಕ್ಷದ ಮೇಲೆ. ಆಯತದ ಪ್ರಕರಣದಲ್ಲಿ ಘಾತ 4, ಬದಲಾವಣೆ 2; ಅಕ್ಷದ ಮೇಲೆ ಯಾವುದೂ ಇಲ್ಲ. ಕೊನೆಯದರಲ್ಲಿ ಘಾತ 4, ಬದಲಾವಣೆ ಇಲ್ಲ. ನಾಲ್ಕೂ ಅಕ್ಷದ ಮೇಲೆ. ಸಹಾಯಕ ಸಾಲಿಗಿಂತ ಮೇಲಿನ ಬದಲಾವಣೆಗಳನ್ನು ಈ ಎಣಿಕೆಗೆ ಸೇರಿಸಬಾರದು, ಅವು ಜೋಡಿಯಿಲ್ಲದ ಉಳಿದ ಮೂಲಗಳಿಗೆ ಸೇರಿದವು.

ಎದುರುಬದುರು ಮೂಲಗಳು ಪರೀಕ್ಷೆಗೆಂದು ಹೆಣೆದ ಕಸರತ್ತೆಂದು ತೋರಬಹುದು. ಆದರೆ ಘರ್ಷಣೆಯನ್ನು ಲೆಕ್ಕಕ್ಕೆ ಹಿಡಿಯದ ಯಂತ್ರಶಾಸ್ತ್ರದಲ್ಲಿ ಅವು ತಾವಾಗಿಯೇ ಬರುತ್ತವೆ. ತಲೆಕೆಳಗಾಗಿ ನಿಲ್ಲಿಸಿದ 1 ಮೀಟರ್ ಉದ್ದದ ಸರಳ ಲೋಲಕಕ್ಕೆ ಬಹುಪದೋಕ್ತಿ s^2 − 9.8. ಇಲ್ಲಿ s^1 ಪದವೇ ಇಲ್ಲ, ಎರಡನೆಯ ಸಾಲು ಆರಂಭದಿಂದಲೇ ಸೊನ್ನೆ. ಸಹಾಯಕ ಬಹುಪದೋಕ್ತಿ ಅದೇ s^2 − 9.8, ಅವಕಲನ 2s, ಕೊನೆಯ ಸಾಲು −9.8, ಚಿಹ್ನೆ ಬದಲಾವಣೆ ಒಂದು. ಮೂಲಗಳು ±3.13, ಒಂದು ಬೀಳುವ ಚಲನೆ, ಇನ್ನೊಂದು ಅದನ್ನೇ ಹಿಂದಕ್ಕೆ ಓಡಿಸಿದ್ದು. ಕಾಲವನ್ನು ತಿರುಗಿಸಿದರೂ ಸಮೀಕರಣ ಬದಲಾಗದ ವ್ಯವಸ್ಥೆಯಲ್ಲಿ ಪ್ರತಿ ಮೂಲಕ್ಕೂ ಋಣ ಜೋಡಿ ಇದ್ದೇ ಇರುತ್ತದೆ.

ಸೊನ್ನೆಸಾಲು ನಿಜವೋ ಲೆಕ್ಕದ ತಪ್ಪೋ ಎಂದು ತಿಳಿಯಲು ಒಂದು ಸುಲಭ ಗುರುತಿದೆ. ಬಹುಪದೋಕ್ತಿಯ ಸ್ಥಿರ ಪದ ಸೊನ್ನೆಯಲ್ಲದಿದ್ದರೆ ಸೊನ್ನೆಸಾಲು s^1, s^3, s^5 ಮುಂತಾದ ಬೆಸ ಘಾತದ ಸಾಲುಗಳಲ್ಲಿ ಮಾತ್ರ ಬರಬಲ್ಲದು. ಸಮ ಘಾತದ ಸಾಲಿನಲ್ಲಿ ಬಂದರೆ ಮೇಲಿನ ಸಾಲಿನಿಂದ ಬೆಸ ಘಾತದ ಸಾಮಾನ್ಯ ಅಪವರ್ತನ ಸಿಗುತ್ತದೆ. ಅದನ್ನು s ಭಾಗಿಸುತ್ತದೆ, ಅಂದರೆ ಸ್ಥಿರ ಪದ ಸೊನ್ನೆಯಾಗಿರಬೇಕಿತ್ತು. ಹಾಗಾದಾಗ ಕೂಡಿಸಿ ಕಳೆದದ್ದನ್ನು ಮತ್ತೊಮ್ಮೆ ನೋಡುವುದು ಒಳ್ಳೆಯದು.

ಗಣಕಯಂತ್ರಕ್ಕೆ ಈ ಕೆಲಸ ಒಪ್ಪಿಸಿದಾಗ ತೊಡಕು ತಿರುವು ಪಡೆಯುತ್ತದೆ: ಸೊನ್ನೆ ಬರಬೇಕಾದ ಕಡೆ ಬರುವುದಿಲ್ಲ. s^3 + 0.1s^2 + 3s + 0.3 ಎಂಬುದು (s + 0.1)(s^2 + 3), ಅಕ್ಷದ ಮೇಲೆ ಸ್ಪಷ್ಟವಾಗಿ ಒಂದು ಜೋಡಿ ಇದೆ. s^1 ಸಾಲಿಗೆ ಬೇಕಾದ ವ್ಯತ್ಯಾಸವನ್ನು ಪೈಥಾನ್‌ನಲ್ಲಿ ಕೇಳಿದರೆ:

```
>>> 0.1*3 - 0.3
5.551115123125783e-17
```

ದಶಮಾಂಶಗಳನ್ನು ಯಂತ್ರ ದ್ವಿಮಾನದಲ್ಲಿ ಪೂರ್ತಿಯಾಗಿ ಹಿಡಿದಿಡಲಾರದು, ಉಳಿದ ಚೂರು ಹೀಗೆ ಹೊರಬೀಳುತ್ತದೆ. ಇದನ್ನು 0.1ರಿಂದ ಭಾಗಿಸಿದರೂ ಸಿಗುವುದು ಅತಿ ಸಣ್ಣ ಧನಸಂಖ್ಯೆ. ಪ್ರೋಗ್ರಾಮು ಅದನ್ನು ಸೊನ್ನೆಯೆಂದು ಗುರುತಿಸದೆ ಮುಂದೆ ಹೋಗುತ್ತದೆ, ಎಲ್ಲ ಧನ ಎಂದು ನೋಡಿ ವ್ಯವಸ್ಥೆ ಸ್ಥಿರ ಎನ್ನುತ್ತದೆ. ಚೂರು ಋಣವಾಗಿ ಬಿದ್ದಿದ್ದರೆ ಬಲದಲ್ಲಿ ಎರಡು ಮೂಲಗಳೆಂದು ಸಾರುತ್ತಿತ್ತು. ಸಹಗುಣಕಗಳನ್ನು 1/10, 3/10 ಎಂಬಂತೆ ಭಿನ್ನರಾಶಿಗಳಾಗಿಯೇ ಇಟ್ಟು ಲೆಕ್ಕ ಮಾಡಿಸಿದರೆ ಸೊನ್ನೆ ಸೊನ್ನೆಯಾಗಿಯೇ ಬರುತ್ತದೆ. ಅದು ಆಗದಿದ್ದರೆ, ಸಾಲಿನ ಅಂಕಿಗಳು ಮೇಲಿನ ಸಾಲುಗಳಿಗೆ ಹೋಲಿಸಿದರೆ ತೀರ ಚಿಕ್ಕವಾಗಿರುವಾಗ ಅವನ್ನು ಸೊನ್ನೆಯೆಂದು ಪರಿಗಣಿಸುವ ಮಿತಿಯೊಂದನ್ನು ಮೊದಲೇ ಗೊತ್ತುಮಾಡಬೇಕು.

ನಿಜವಾದ ಮೋಟಾರಿನಲ್ಲಿ ಗೇನ್ ಸರಿಯಾಗಿ 48ರಲ್ಲಿ ನಿಲ್ಲುವುದೂ ಇಲ್ಲ. ಸುರುಳಿ ಬಿಸಿಯೇರಿದಂತೆ ಅದರ ರೋಧ ಬದಲಾಗುತ್ತದೆ, ಬೇರಿಂಗಿನ ಘರ್ಷಣೆ ಬದಲಾಗುತ್ತದೆ, ಅವುಗಳ ಜೊತೆ ಸಹಗುಣಕಗಳೂ ಸರಿದಾಡುತ್ತವೆ. K = 47.9 ಆದರೆ s^1 ಸಾಲಿನಲ್ಲಿ 0.017, 48.1 ಆದರೆ −0.017. ಯಂತ್ರದ ಮೇಲೆ ಒಂದೇ ಅಳತೆಯ ತೂಗಾಟ ದೀರ್ಘಕಾಲ ಕಂಡುಬಂದರೆ, ಅದನ್ನು ಸಾಮಾನ್ಯವಾಗಿ ಆ ಅಳತೆಯಲ್ಲಿ ಹಿಡಿದು ನಿಲ್ಲಿಸಿರುವುದು ಚಾಲಕ ಮಂಡಲದ ಗರಿಷ್ಠ ವೋಲ್ಟೇಜು ಅಥವಾ ಗೇರಿನ ಸಡಿಲಿಕೆಯಂಥ ರೇಖೀಯವಲ್ಲದ ಅಂಶ. ಅವು ಬಹುಪದೋಕ್ತಿಯೊಳಗೆ ಇಲ್ಲ, ಆದ್ದರಿಂದ ತೂಗಾಟದ ಹರವು ಎಷ್ಟೆಂದು ಸಹಾಯಕ ಬಹುಪದೋಕ್ತಿ ಹೇಳಲಾರದು. ಅದು ಕೊಡುವುದು ಗಡಿಯಲ್ಲಿನ ಆವೃತ್ತಿಯನ್ನು, ಈ ಮೋಟಾರಿಗೆ ಸೆಕೆಂಡಿಗೆ 2.83 ರೇಡಿಯನ್.